ಹತ್ತು ಊರು, ತ್ರಿಕೋನ ಬರಬಾರದು: 25ಕ್ಕಿಂತ ಜಾಸ್ತಿ ಗೆರೆ ಯಾಕೆ ಆಗಲ್ಲ?

ಎಡದಂಡೆ_ಸಿಂಧನೂರು

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ಎರಡನೇ ವರ್ಷ. ಗ್ರಾಫ್ ಥಿಯರಿ ಓದುತ್ತಿದ್ದೇನೆ, ಒಂದು ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ.

ಹತ್ತು ಚುಕ್ಕಿ ಇವೆ. ನೆನಪಿಡೋಕೆ ಸುಲಭ ಆಗಲಿ ಅಂತ ನಮ್ಮ ಕಡೆ ಊರುಗಳ ಹೆಸರನ್ನೇ ಇಟ್ಟಿದ್ದೇನೆ: ಬಳ್ಳಾರಿ, ಸಿರುಗುಪ್ಪ, ಕಂಪ್ಲಿ, ಸಂಡೂರು, ರಾಯಚೂರು, ಮಾನ್ವಿ, ಸಿಂಧನೂರು, ಕಾರಟಗಿ, ಗಂಗಾವತಿ, ಕೊಪ್ಪಳ. ಯಾವ ಎರಡು ಊರಿನ ನಡುವೆ ಬೇಕಾದರೂ ಒಂದು ಗೆರೆ ಎಳೆಯಬಹುದು. ಷರತ್ತು ಒಂದೇ: ಯಾವ ಮೂರು ಊರುಗಳೂ ಒಂದಕ್ಕೊಂದು ಸೇರಿರಬಾರದು. ಅಂದರೆ ತ್ರಿಕೋನ ಆಗಬಾರದು. ಹಾಗಾದರೆ ಹೆಚ್ಚೆಂದರೆ ಎಷ್ಟು ಗೆರೆ ಎಳೆಯಬಹುದು?

ಐದೈದು ಊರಿನ ಎರಡು ಗುಂಪು ಮಾಡಿ, ಈ ಗುಂಪಿನ ಪ್ರತಿ ಊರಿನಿಂದ ಆ ಗುಂಪಿನ ಪ್ರತಿ ಊರಿಗೂ ಎಳೆದರೆ 25 ಬರುತ್ತದೆ. ಉತ್ತರವೂ 25 ಅಂತೆ. ಆದರೆ 26 ಆಗೋದೇ ಇಲ್ಲ ಅಂತ ಹೇಗೆ ಹೇಳೋದು? ತ್ರಿಕೋನ ಆಗದ ಹಾಗೆ ಒಂದೊಂದೇ ಗೆರೆ ಸೇರಿಸುತ್ತಾ ಹೋದರೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ. ಬಳ್ಳಾರಿಯಿಂದ ಉಳಿದ ಎಲ್ಲಾ ಊರಿಗೆ ಎಳೆದರೆ 9ಕ್ಕೇ ಮುಗಿಯಿತು, ಇನ್ನೊಂದು ಎಳೆದರೆ ತ್ರಿಕೋನ. ನಾಲ್ಕು ಊರಿನ ಒಂದು ಗುಂಪು, ಆರು ಊರಿನ ಒಂದು ಗುಂಪು ಮಾಡಿದರೆ 24ಕ್ಕೆ ನಿಲ್ಲುತ್ತದೆ. "ಇನ್ನು ಸೇರಿಸೋಕೆ ಆಗಲ್ಲ" ಅನ್ನೋದನ್ನೇ ಸಾಕ್ಷಿ ಅಂತ ಬರೆಯೋಕೆ ಆಗಲ್ಲ ಅಲ್ವಾ?

ಮಾನ್ವಿ_ಕ್ರಾಸ್

ತಂಗಿ, ನೀನು ಕೊಟ್ಟಿರೋ ಊರುಗಳಲ್ಲೇ 25ಕ್ಕಿಂತ ಜಾಸ್ತಿ ಬರುತ್ತದೆ ನೋಡು. ಗಂಗಾವತಿ, ಕಾರಟಗಿ, ಸಿಂಧನೂರು ಮೂರೂ ಒಂದೇ ರಸ್ತೆ ಮೇಲಿವೆ. ಗಂಗಾವತಿಯಿಂದ ಸಿಂಧನೂರಿಗೆ ಹೋಗೋ ಬಸ್ಸು ಕಾರಟಗಿ ಮೇಲೆಯೇ ಹೋಗುತ್ತದೆ. ಮೂರನ್ನೂ ಸೇರಿಸಿದರೂ ಉದ್ದ ಗೆರೆ ಬರುತ್ತದೆ, ತ್ರಿಕೋನ ಎಲ್ಲಿ ಬಂತು?

ಕೋಟೆಗುಡ್ಡ_ಬಳ್ಳಾರಿ

ಅಣ್ಣಾ, ಇಲ್ಲಿ ನಕಾಶೆ ಲೆಕ್ಕಕ್ಕಿಲ್ಲ. ಊರು ಎಲ್ಲಿದೆ, ಗೆರೆ ನೆಟ್ಟಗಿದೆಯೋ ಡೊಂಕಾಗಿದೆಯೋ, ಒಂದರ ಮೇಲೊಂದು ಹಾದುಹೋಗುತ್ತದೋ, ಯಾವುದನ್ನೂ ನೋಡೋದಿಲ್ಲ. ಯಾವುದಕ್ಕೆ ಯಾವುದರ ಜೊತೆ ನಂಟಿದೆ ಅನ್ನೋದಷ್ಟೇ ವಿಷಯ. ಗಂಗಾವತಿ–ಕಾರಟಗಿ, ಕಾರಟಗಿ–ಸಿಂಧನೂರು, ಗಂಗಾವತಿ–ಸಿಂಧನೂರು ಮೂರೂ ಜೋಡಿಗೆ ನಂಟು ಬಂದರೆ ಅದು ತ್ರಿಕೋನವೇ. ಕಾಗದದ ಮೇಲೆ ಒಂದೇ ಸಾಲಿನಲ್ಲಿ ಕಂಡರೂ ಅಷ್ಟೇ.

ಈಗ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಅನುಮಾನ ಸರಿಯಾಗಿದೆ. "ಇನ್ನು ಸೇರಿಸೋಕೆ ಆಗಲ್ಲ" ಅನ್ನೋದು ಬೇರೆ, "ಇದಕ್ಕಿಂತ ಜಾಸ್ತಿ ಎಲ್ಲೂ ಇಲ್ಲ" ಅನ್ನೋದು ಬೇರೆ. ಇದನ್ನು ಐದು ಊರಿನಲ್ಲಿ ಚೆನ್ನಾಗಿ ನೋಡಬಹುದು. ಬಳ್ಳಾರಿ–ಸಿರುಗುಪ್ಪ–ಸಿಂಧನೂರು–ಗಂಗಾವತಿ–ಕೊಪ್ಪಳ–ಬಳ್ಳಾರಿ ಅಂತ ಸುತ್ತು ಹಾಕಿ. ಐದು ಗೆರೆ ಆಯಿತು, ತ್ರಿಕೋನ ಇಲ್ಲ. ಆರನೆಯದು ಎಲ್ಲಿ ಎಳೆದರೂ ತ್ರಿಕೋನ ಬರುತ್ತದೆ. ಆದರೆ ಎರಡು ಊರಿನ ಒಂದು ಗುಂಪು, ಮೂರು ಊರಿನ ಒಂದು ಗುಂಪು ಮಾಡಿದರೆ ಆರು ಗೆರೆ ಸಿಗುತ್ತದೆ. ಅಂದರೆ ಈ ಸುತ್ತು ಒಂದು ಕಡಿಮೆಯಲ್ಲೇ ಸಿಕ್ಕಿಹಾಕಿಕೊಂಡಿದೆ.

ಅದಕ್ಕೇ ಗೆರೆ ಸೇರಿಸುತ್ತಾ ಹೋಗೋ ದಾರಿ ಬಿಡಿ. ಯಾರೋ ತ್ರಿಕೋನ ಇಲ್ಲದ ಚಿತ್ರ ಪೂರ್ತಿ ಬಿಡಿಸಿ ಕೈಗೆ ಕೊಟ್ಟಿದ್ದಾರೆ ಅಂದುಕೊಳ್ಳಿ. ಅದರಲ್ಲಿ ಅತಿ ಹೆಚ್ಚು ಗೆರೆ ಇರೋ ಊರನ್ನು ಹುಡುಕಿ. ಅದು ಬಳ್ಳಾರಿ, ಅದಕ್ಕೆ 6 ಗೆರೆ ಇವೆ ಅಂದುಕೊಳ್ಳೋಣ.

ಬಳ್ಳಾರಿಗೆ ಸೇರಿದ ಆ ಆರು ಊರುಗಳ ನಡುವೆ ಒಂದೂ ಗೆರೆ ಇರೋಕೆ ಸಾಧ್ಯವಿಲ್ಲ. ಇದ್ದರೆ ಬಳ್ಳಾರಿ ಜೊತೆ ತ್ರಿಕೋನ ಆಗಿಬಿಡುತ್ತದೆ. ಹಾಗಾಗಿ ಚಿತ್ರದಲ್ಲಿರೋ ಪ್ರತಿ ಗೆರೆಯ ಒಂದು ತುದಿಯಾದರೂ ಆ ಆರರ ಹೊರಗೆ ಇರಲೇಬೇಕು. ಹೊರಗೆ ಇರೋದು ನಾಲ್ಕೇ ಊರು. ಬಳ್ಳಾರಿ ಕೂಡ ಹೊರಗಿನ ನಾಲ್ಕರಲ್ಲೇ ಒಂದು, ಇದನ್ನು ಮರೆಯಬೇಡಿ. ತುಂಬಾ ಜನ ಇಲ್ಲೇ ಮೂರು ಅಂತ ಎಣಿಸಿಬಿಡುತ್ತಾರೆ.

ಈಗ ಆ ನಾಲ್ಕೂ ಊರಿನ ಬಾಗಿಲಲ್ಲಿ ನಿಂತು ಗೆರೆ ಎಣಿಸಿ. ಯಾವ ಗೆರೆಯೂ ತಪ್ಪಿಸಿಕೊಳ್ಳೋದಿಲ್ಲ. ಒಂದೊಂದು ಊರಿಗೂ ಹೆಚ್ಚೆಂದರೆ 6, ಯಾಕೆಂದರೆ 6ಕ್ಕಿಂತ ಜಾಸ್ತಿ ಯಾವ ಊರಿಗೂ ಇಲ್ಲ. ಒಟ್ಟು 4 × 6 = 24 ದಾಟುವಂತಿಲ್ಲ.

ಇದೇ ಮಾತು 6ರ ಬದಲು ಬೇರೆ ಸಂಖ್ಯೆಗೂ ನಡೆಯುತ್ತದೆ. ಅತಿ ಹೆಚ್ಚು 7 ಇದ್ದರೆ 3 × 7 = 21. ಅತಿ ಹೆಚ್ಚು 4 ಇದ್ದರೆ 6 × 4 = 24. 9 ಇದ್ದರೆ 1 × 9 = 9, ಅದು ನೀವು ಬಳ್ಳಾರಿಯಿಂದ ಎಳೆದ ಚಿತ್ರವೇ. 5 ಇದ್ದರೆ 5 × 5 = 25. ಕೂಡಿದರೆ 10 ಬರೋ ಎರಡು ಸಂಖ್ಯೆಗಳ ಗುಣಲಬ್ಧ 25ನ್ನು ದಾಟೋದಿಲ್ಲ. n ಚುಕ್ಕಿಗೆ n²/4, ಭಿನ್ನ ಬಂದರೆ ಅದನ್ನು ಬಿಡಬೇಕು.

ಎಡದಂಡೆ_ಸಿಂಧನೂರು

ಸರ್, ಇಷ್ಟು ಚಿಕ್ಕದಾ! ಒಂದು ಪ್ರಶ್ನೆ. ಅತಿ ಹೆಚ್ಚು ಗೆರೆ ಇರೋ ಊರನ್ನೇ ಯಾಕೆ ಹಿಡಿಯಬೇಕು? ಯಾವುದೋ ಒಂದು ಊರು ಹಿಡಿದರೂ ಅದರ ನೆರೆಯ ಊರುಗಳ ನಡುವೆ ಗೆರೆ ಇರಲ್ಲ ಅಲ್ವಾ?

ಇನ್ನೊಂದು. ಹೊರಗಿನ ಎರಡು ಊರುಗಳ ನಡುವೆಯೇ ಗೆರೆ ಇದ್ದರೆ ಅದನ್ನು ಎರಡು ಸಲ ಎಣಿಸಿದ ಹಾಗಾಗಲಿಲ್ವಾ?

ಕೋಟೆಗುಡ್ಡ_ಬಳ್ಳಾರಿ

ಎರಡೂ ಕೇಳಬೇಕಾದ ಪ್ರಶ್ನೆಗಳೇ.

ಮೊದಲನೆಯದು. 3 ಗೆರೆ ಇರೋ ಸಂಡೂರನ್ನು ಹಿಡಿದಿರಿ ಅಂದುಕೊಳ್ಳಿ. ಅದರ ಮೂರು ನೆರೆಯವರ ನಡುವೆ ಗೆರೆ ಇಲ್ಲ, ನಿಜ. ಹೊರಗೆ ಏಳು ಊರು ಉಳಿಯುತ್ತವೆ, ಎಲ್ಲಾ ಗೆರೆಗಳೂ ಆ ಏಳರಲ್ಲಿ ಒಂದನ್ನಾದರೂ ಮುಟ್ಟುತ್ತವೆ, ಅದೂ ನಿಜ. ಆದರೆ ಆ ಏಳು ಊರಿಗೆ ತಲಾ ಎಷ್ಟು ಗೆರೆ? 3 ಅಂತ ಹೇಳೋಕೆ ಆಗಲ್ಲ. 5 ಇರಬಹುದು, 6 ಇರಬಹುದು. 7 × 6 = 42 ಅಂತ ಬಂದರೆ ಅದರಿಂದ ಏನೂ ಉಪಯೋಗವಿಲ್ಲ. ಅತಿ ಹೆಚ್ಚು ಇರೋದನ್ನು ಹಿಡಿದಾಗ ಒಂದೇ ಸಂಖ್ಯೆ ಎರಡು ಕೆಲಸ ಮಾಡುತ್ತದೆ. ಹೊರಗಿನ ಊರುಗಳನ್ನು ಕಡಿಮೆ ಮಾಡೋದೂ ಅದೇ, ಒಂದೊಂದು ಊರಿಗೆ ಮಿತಿ ಹಾಕೋದೂ ಅದೇ. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಸಾಧನೆಯ ಜೀವ ಇರೋದು ಅಲ್ಲಿ.

ಎರಡನೆಯದು. ಹೌದು, ಎರಡು ಸಲ ಎಣಿಸುತ್ತೇವೆ. ಮೇಲಿನ ಮಿತಿ ಹುಡುಕುವಾಗ ಜಾಸ್ತಿ ಎಣಿಸಿದರೆ ತೊಂದರೆ ಇಲ್ಲ, ಕಡಿಮೆ ಎಣಿಸಬಾರದು ಅಷ್ಟೇ. ಐದು ಊರಿನ ಆ ಸುತ್ತನ್ನೇ ಮತ್ತೆ ನೋಡಿ. ಎಲ್ಲರಿಗೂ ಎರಡೆರಡು ಗೆರೆ. ಬಳ್ಳಾರಿ ಹಿಡಿದರೆ ನೆರೆಯವರು ಸಿರುಗುಪ್ಪ, ಕೊಪ್ಪಳ. ಹೊರಗೆ ಬಳ್ಳಾರಿ, ಸಿಂಧನೂರು, ಗಂಗಾವತಿ. ಮೂರು ಊರಿಗೆ ಎರಡೆರಡು, ಒಟ್ಟು 6. ಆದರೆ ಸಿಂಧನೂರು–ಗಂಗಾವತಿ ಗೆರೆ ಎರಡೂ ತುದಿಯಲ್ಲಿ ಹೊರಗಿದೆ, ಎರಡು ಸಲ ಬಿತ್ತು. ಒಂದು ಕಳೆದರೆ 5. ಆ ಸುತ್ತಿಗೆ ಒಂದು ಗೆರೆ ಕಡಿಮೆ ಬಂದಿದ್ದು ಯಾಕೆ ಅನ್ನೋದು ಈಗ ಕಾಣುತ್ತಿದೆ.

ಇದರಿಂದಲೇ ಇನ್ನೊಂದು ವಿಷಯ ಸಿಗುತ್ತದೆ. ಹತ್ತು ಊರಿಗೆ 25 ಬರಬೇಕಾದರೆ ಎಲ್ಲೂ ಸೋರಬಾರದು. ಹೊರಗಿನವರ ನಡುವೆ ಗೆರೆ ಇರಬಾರದು, ಅವರ ಸಂಖ್ಯೆ 5 ಇರಬೇಕು, ಪ್ರತಿಯೊಬ್ಬರಿಗೂ ಪೂರ್ತಿ 5 ಗೆರೆ ಇರಬೇಕು. ಆ ಐದೂ ಇನ್ನೊಂದು ಗುಂಪಿಗೇ ಹೋಗಬೇಕು. ಅಂದರೆ ನಿಮ್ಮ ಐದು–ಐದರ ಚಿತ್ರ ಬಿಟ್ಟು ಬೇರೆ ಯಾವ ಚಿತ್ರಕ್ಕೂ 25 ಬರೋದಿಲ್ಲ.

ಗಂಗಾವತಿ_ಸೋನಾ

ಇಷ್ಟೆಲ್ಲಾ ಬೇಕಾಗಿಲ್ಲ ಅನಿಸುತ್ತದೆ. ಸುಮ್ನೆ ಸರಾಸರಿ ತೆಗೆದರೆ ಆಯಿತು. ಯಾವ ಮೂರು ಊರು ತೆಗೆದುಕೊಂಡರೂ ಅವುಗಳ ನಡುವೆ ಹೆಚ್ಚೆಂದರೆ 2 ಗೆರೆ. ಹತ್ತರಲ್ಲಿ ಮೂರು ಆರಿಸೋಕೆ 120 ದಾರಿ. ಒಟ್ಟು 240. ಒಂದೊಂದು ಗೆರೆಯೂ 8 ಮೂವರಲ್ಲಿ ಬರುತ್ತದೆ. 240ನ್ನು 8ರಿಂದ ಭಾಗಿಸಿ. ಆಯಿತು, ಮಿತಿ ಸಿಕ್ಕಿತು. ಯಾವ ಊರನ್ನೂ ಹುಡುಕೋ ಕೆಲಸವಿಲ್ಲ.

ರಾಯಚೂರು_ಪೈಥಾನ್

240 ಭಾಗಿಸು 8 ಅಂದರೆ 30 ಅಲ್ವಾ ಬ್ರೋ? ಬೇಕಾಗಿರೋದು 25.

ಗಂಗಾವತಿ_ಸೋನಾ

30 ದಾಟೋದಿಲ್ಲ ಅನ್ನೋದಂತೂ ಸರಿ ತಾನೇ. ಸರಾಸರಿಯಲ್ಲಿ ತಪ್ಪೇನಿದೆ ತೋರಿಸಿ.

ಕೋಟೆಗುಡ್ಡ_ಬಳ್ಳಾರಿ

ತಪ್ಪೇನಿಲ್ಲ, 30 ದಾಟೋದಿಲ್ಲ ಅನ್ನೋದು ಸರಿ. ಆದರೆ ಮಿತಿ ಸಡಿಲವಾಗಿದೆ. 30 ಬರಬೇಕಾದರೆ 120 ಮೂವರಲ್ಲೂ ಸರಿಯಾಗಿ ಎರಡೆರಡು ಗೆರೆ ಇರಬೇಕು. ಐದು ಊರಿನಲ್ಲೇ ಅದು ಕೆಟ್ಟುಹೋಗುತ್ತದೆ: 10 ಮೂವರು, 20 ಎಣಿಕೆ, ಒಂದು ಗೆರೆ 3 ಮೂವರಲ್ಲಿ. 20ನ್ನು 3ರಿಂದ ಭಾಗಿಸಿದರೆ ಪೂರ್ಣ ಸಂಖ್ಯೆ ಬರೋದಿಲ್ಲ. ಅರ್ಧ ಗೆರೆ, ಮುಕ್ಕಾಲು ಗೆರೆ ಅಂತ ಇಲ್ಲವಲ್ಲ.

ಆ ಅಂಶವನ್ನೇ ಹಿಡಿದರೆ ನಿಮ್ಮ ಉಪಾಯ ಪೂರ್ತಿ ಕೆಲಸ ಮಾಡುತ್ತದೆ. ಮೂರರಿಂದ ಹತ್ತಕ್ಕೆ ಒಂದೇ ಸಲ ನೆಗೆಯಬೇಡಿ. ಒಂದೊಂದೇ ಮೆಟ್ಟಿಲು ಹತ್ತಿ, ಪ್ರತಿ ಮೆಟ್ಟಿಲಲ್ಲೂ ಭಿನ್ನ ಬಂದರೆ ಬಿಡಿ. ನಾಲ್ಕು ಊರಿಗೆ 4, ಐದು ಊರಿಗೆ 20/3, ಅಂದರೆ 6. ಆರು ಊರಲ್ಲಿ ಒಂದೊಂದೇ ಊರು ಬಿಟ್ಟರೆ ಐದರ ಆರು ಚಿತ್ರ ಸಿಗುತ್ತವೆ. ತಲಾ 6 ದಾಟದು, ಒಟ್ಟು 36. ಒಂದೊಂದು ಗೆರೆ 4 ಚಿತ್ರದಲ್ಲಿ ಉಳಿದಿರುತ್ತದೆ, ಹಾಗಾಗಿ 9. ಏಳಕ್ಕೆ 63/5, ಅಂದರೆ 12. ಎಂಟಕ್ಕೆ 96/6, ಅಂದರೆ 16. ಒಂಬತ್ತಕ್ಕೆ 144/7, ಅಂದರೆ 20. ಹತ್ತಕ್ಕೆ 200/8, ಸರಿಯಾಗಿ 25.

ಯಾವ n ತೆಗೆದುಕೊಂಡರೂ ಹೀಗೇ ಬರುತ್ತದೆ. ಬೆಸ ಸಂಖ್ಯೆಯಲ್ಲಿ ಸ್ವಲ್ಪ ಭಿನ್ನ ಉದುರುತ್ತದೆ, ಸಮ ಸಂಖ್ಯೆಯಲ್ಲಿ ಏನೂ ಉದುರೋದಿಲ್ಲ. ಪೆನ್ನು ಹಿಡಿದು n = 2k ಮತ್ತು n = 2k+1 ಎರಡನ್ನೂ ಮಾಡಿ ನೋಡಿ.

ಗಂಗಾವತಿ_ಸೋನಾ

ನನಗೆ ಈಗಲೂ ಇದೇ ಹೆಚ್ಚು ಇಷ್ಟ. ಪರೀಕ್ಷೆಯಲ್ಲಿ ಅತಿ ಹೆಚ್ಚು ಗೆರೆ ಇರೋ ಊರನ್ನು ಹಿಡಿಯಬೇಕು ಅಂತ ಹೊಳೆಯದೇ ಹೋದರೆ? ಸರಾಸರಿ ಯಾರಿಗಾದರೂ ಹೊಳೆಯುತ್ತದೆ.

ಕೋಟೆಗುಡ್ಡ_ಬಳ್ಳಾರಿ

ಅದನ್ನು ಒಪ್ಪುತ್ತೇನೆ. ಆದರೆ 25 ಬರೋ ಚಿತ್ರ ಒಂದೇ ಅನ್ನೋದು ಸರಾಸರಿಯಿಂದ ಅಷ್ಟು ಸಲೀಸಾಗಿ ಬರೋದಿಲ್ಲ. ನಾನು ಮೊದಲಿನದಕ್ಕೇ ಓಟು ಹಾಕುತ್ತೇನೆ.

ರಾಯಚೂರು_ಪೈಥಾನ್

ನಾನು ಯಾವ ಸಾಧನೆಯನ್ನೂ ನಂಬದೆ ಮೊದಲು ಎಣಿಸಿ ನೋಡೋನು. ಆರು ಚುಕ್ಕಿಗೆ 15 ಜೋಡಿ, ಒಟ್ಟು 32,768 ಚಿತ್ರ. ಎಲ್ಲವನ್ನೂ ನೋಡಬಹುದು.

```python
from itertools import combinations
n = 6
E = list(combinations(range(n), 2))
T = []
for a, b, c in combinations(range(n), 3):
    T.append(sum(1 << E.index(e) for e in [(a, b), (a, c), (b, c)]))
best = count = 0
for g in range(1 << len(E)):
    if any((g & t) == t for t in T):
        continue
    m = bin(g).count("1")
    if m > best:
        best, count = m, 1
    elif m == best:
        count += 1
print(best, count)
```

`9 10` ಅಂತ ಬರುತ್ತದೆ. ಹೆಚ್ಚೆಂದರೆ 9 ಗೆರೆ, ಅಂಥ ಚಿತ್ರ 10. ಒಂದೇ ಚಿತ್ರ ಅಂದಿರಲ್ಲಾ ಸರ್, ಹತ್ತು ಯಾಕೆ ಬಂತು?

ಕೋಟೆಗುಡ್ಡ_ಬಳ್ಳಾರಿ

ಆಕಾರ ಒಂದೇ, ಹೆಸರು ಅಂಟಿಸೋ ರೀತಿ ಹತ್ತು. ಆರರಲ್ಲಿ ಮೂರನ್ನು 20 ರೀತಿಯಲ್ಲಿ ಆರಿಸಬಹುದು. ಯಾವ ಮೂರು ಆರಿಸಿದರೂ ಉಳಿದ ಮೂರು ಇನ್ನೊಂದು ಗುಂಪು, ಹಾಗಾಗಿ ಪ್ರತಿ ಚಿತ್ರ ಎರಡು ಸಲ ಬರುತ್ತದೆ. 20ರಲ್ಲಿ ಅರ್ಧ 10. ನಿಮ್ಮ ಎಣಿಕೆ ಸಾಧನೆಗೆ ಸರಿಯಾಗಿ ಕೂತಿದೆ. ಏಳು ಚುಕ್ಕಿಗೆ ಓಡಿಸಿದರೆ 12 ಮತ್ತು 35 ಬರಬೇಕು. ಆಗ ಗುಂಪುಗಳು 3 ಮತ್ತು 4, ಅರ್ಧ ಮಾಡೋ ಮಾತಿಲ್ಲ.

ರಾಯಚೂರು_ಪೈಥಾನ್

ಸ್ವಲ್ಪ ಹೊತ್ತು ಹಿಡಿಯಿತು, `12 35` ಬಂತು. ಹತ್ತಕ್ಕೆ ಓಡಿಸೋ ಆಸೆ ಬಿಟ್ಟೆ. 45 ಜೋಡಿ ಅಂದರೆ 35 ಲಕ್ಷ ಕೋಟಿ ಚಿತ್ರ.

ಕಬಡ್ಡಿ_ಕೊಪ್ಪಳ

ಮಧ್ಯದಲ್ಲಿ ಬಂದೆ, ಕ್ಷಮಿಸಿ. ನನಗೆ ಗಣಿತ ಅಷ್ಟಕ್ಕಷ್ಟೆ. ಆದರೆ ಇದು ನಮ್ಮದೇ ಸಮಸ್ಯೆ ಇದ್ದ ಹಾಗಿದೆ. ಜಾತ್ರೆ ಟೈಮಲ್ಲಿ ಕಬಡ್ಡಿ ಆಡಿಸುತ್ತೇವೆ. ಒಂಬತ್ತು ತಂಡ. ಎಲ್ಲರೂ ಎಲ್ಲರ ಜೊತೆ ಆಡೋಕೆ ಟೈಮ್ ಸಾಲೋದಿಲ್ಲ. ಹೋದ ಸಲ ಮೂರು ತಂಡದಲ್ಲಿ ಇವರು ಅವರನ್ನು ಸೋಲಿಸಿ, ಅವರು ಇನ್ನೊಬ್ಬರನ್ನು ಸೋಲಿಸಿ, ಅವರು ಬಂದು ಇವರನ್ನೇ ಸೋಲಿಸಿ ದೊಡ್ಡ ಜಗಳ ಆಯಿತು. ಯಾವ ಮೂರು ತಂಡವೂ ಪೂರ್ತಿ ತಮ್ಮತಮ್ಮಲ್ಲೇ ಆಡದ ಹಾಗೆ ಪಂದ್ಯ ಹಾಕಿದರೆ ಹೆಚ್ಚೆಂದರೆ ಎಷ್ಟು ಪಂದ್ಯ ಆಡಿಸಬಹುದು?

ಎಡದಂಡೆ_ಸಿಂಧನೂರು

ಅಣ್ಣಾ, ಇದನ್ನು ನಾನು ಹೇಳುತ್ತೇನೆ, ಸರ್ ನೋಡಿಕೊಳ್ಳಲಿ. ತಂಡ ಚುಕ್ಕಿ, ಪಂದ್ಯ ಗೆರೆ. ಒಂಬತ್ತಕ್ಕೆ 81/4, ಅಂದರೆ 20. ನಾಲ್ಕು ತಂಡದ ಒಂದು ಗುಂಪು, ಐದು ತಂಡದ ಒಂದು ಗುಂಪು. ಈ ಗುಂಪಿನ ಪ್ರತಿ ತಂಡ ಆ ಗುಂಪಿನ ಪ್ರತಿ ತಂಡದ ಜೊತೆ ಆಡಲಿ. 4 × 5 = 20 ಪಂದ್ಯ. 21ನೇ ಪಂದ್ಯ ಹಾಕಿದರೆ ಎಲ್ಲೋ ಒಂದು ಕಡೆ ಮೂರು ತಂಡ ಸಿಕ್ಕಿಕೊಳ್ಳುತ್ತವೆ.

ಸರ್, ಇಲ್ಲಿ ನನಗೊಂದು ಗೊಂದಲ. ಅತಿ ಹೆಚ್ಚು ಆಡೋ ತಂಡಕ್ಕೆ 5 ಪಂದ್ಯ ಅಂದರೆ ಹೊರಗೆ 4 ತಂಡ, 4 × 5 = 20. ಅತಿ ಹೆಚ್ಚು 4 ಪಂದ್ಯ ಅಂದರೂ 5 × 4 = 20. ಹಾಗಾದರೆ ಯಾವ ತಂಡವೂ ನಾಲ್ಕಕ್ಕಿಂತ ಜಾಸ್ತಿ ಆಡದೆ 20 ಪಂದ್ಯ ಮುಗಿಸಬಹುದಾ? ಸುಸ್ತು ಕಡಿಮೆ ಆಗುತ್ತಲ್ಲಾ.

ಕೋಟೆಗುಡ್ಡ_ಬಳ್ಳಾರಿ

ಆಗೋದಿಲ್ಲ. ಒಂಬತ್ತು ತಂಡಕ್ಕೆ ನಾಲ್ಕು ನಾಲ್ಕು ಅಂದರೆ 36. ಒಂದು ಪಂದ್ಯಕ್ಕೆ ಎರಡು ತಂಡ ಬೇಕು, ಹಾಗಾಗಿ 18 ಪಂದ್ಯವೇ ಗರಿಷ್ಠ. ನಮ್ಮ ಮಿತಿ "20 ದಾಟದು" ಅಂತ ಮಾತ್ರ ಹೇಳಿತು, "20 ಆಗುತ್ತದೆ" ಅಂತ ಹೇಳಲಿಲ್ಲ. 20 ಬೇಕಂದರೆ ನಾಲ್ಕರ ಗುಂಪಿನವರು ಐದೈದು ಆಡಲೇಬೇಕು.

ಕಬಡ್ಡಿ ಅಣ್ಣನಿಗೆ ಒಂದು ಎಚ್ಚರಿಕೆ. ಇದರಿಂದ ಮೂರು ತಂಡದ ಸುತ್ತು ಹೋಗುತ್ತದೆ, ನಾಲ್ಕು ತಂಡದ ಸುತ್ತು ಹೋಗೋದಿಲ್ಲ. ಈ ಗುಂಪಿನ ಇಬ್ಬರು, ಆ ಗುಂಪಿನ ಇಬ್ಬರು ಒಬ್ಬರನ್ನೊಬ್ಬರು ಸುತ್ತಿ ಸೋಲಿಸಬಹುದು. ಅದೂ ಅಲ್ಲದೆ ಒಂದೇ ಗುಂಪಿನ ಎರಡು ತಂಡ ಎದುರಾಗುವುದೇ ಇಲ್ಲ. ಫೈನಲ್‌ಗೆ ಯಾರನ್ನು ಹಾಕುತ್ತೀರಿ ಅನ್ನೋದನ್ನು ಈ ಲೆಕ್ಕ ಹೇಳೋದಿಲ್ಲ.

ಕಬಡ್ಡಿ_ಕೊಪ್ಪಳ

ಫೈನಲ್‌ಗೆ ಎರಡೂ ಗುಂಪಿನ ಒಬ್ಬೊಬ್ಬ ಟಾಪರ್ ಅಂತ ಮಾಡಿದರೆ? ಆದರೆ ನಾಲ್ಕರ ಗುಂಪಿನವರು ಐದು ಆಡುತ್ತಾರೆ, ಐದರ ಗುಂಪಿನವರು ನಾಲ್ಕೇ. ಅದಕ್ಕೂ ಜಗಳ ಬರುತ್ತದೆ. ಕಮಿಟಿಯಲ್ಲಿ ಕೂತು ಮಾತಾಡಬೇಕು.

ಮಾನ್ವಿ_ಕ್ರಾಸ್

ಇದನ್ನು ಮೊದಲು ಯಾರು ಕಂಡುಹಿಡಿದರು? ಇಷ್ಟು ಸುಲಭ ಇದ್ದರೆ ತುಂಬಾ ಹಳೆಯದೇ ಇರಬೇಕು.

ಕೋಟೆಗುಡ್ಡ_ಬಳ್ಳಾರಿ

1907. ವಿಲೆಮ್ ಮಾಂಟೆಲ್ ಅಂತ, ನೆದರ್‌ಲ್ಯಾಂಡ್ಸ್‌ನವರು. ಹಾಗಾಗಿ ಇದಕ್ಕೆ ಮಾಂಟೆಲ್ ಪ್ರಮೇಯ ಅನ್ನುತ್ತಾರೆ. 1941ರಲ್ಲಿ ಹಂಗೆರಿಯ ಪಾಲ್ ಟುರಾನ್ ಇದನ್ನು ದೊಡ್ಡದು ಮಾಡಿದರು. ಮೂರರ ಬದಲು "ಯಾವ ನಾಲ್ಕು ಊರೂ ಒಂದಕ್ಕೊಂದು ಸೇರಿರಬಾರದು" ಅಂದರೆ ಮೂರು ಗುಂಪು ಮಾಡಬೇಕು. ಹತ್ತು ಊರಿಗೆ 3, 3, 4. ಎಣಿಸಿದರೆ 33 ಗೆರೆ. ಐದು, ಆರು ಅಂತ ಹೋದರೂ ಹೀಗೇ, ಗುಂಪುಗಳು ಆದಷ್ಟು ಸಮ ಇರಬೇಕು.

ಎಡದಂಡೆ_ಸಿಂಧನೂರು

ಸರ್, ಕೊನೆಯದಾಗಿ ಒಂದು. ಒಂದೇ ಗುಂಪಿನೊಳಗೆ ಗೆರೆ ಬರದ ಹಾಗೆ ಐದರ ಸುತ್ತನ್ನು ಎರಡು ಗುಂಪು ಮಾಡೋಕೆ ಆಗಲ್ಲ ಅಲ್ವಾ? ಹಾಗೆ ಎರಡು ಗುಂಪಾಗಿ ಒಡೆಯದ ಚಿತ್ರ ಮಾತ್ರ ಬೇಕು, ತ್ರಿಕೋನವೂ ಬೇಡ ಅಂದರೆ ಹತ್ತು ಊರಿಗೆ 24 ಸಿಗುತ್ತದಾ?

ಕೋಟೆಗುಡ್ಡ_ಬಳ್ಳಾರಿ

ಇಲ್ಲ, ತುಂಬಾ ಕೆಳಗೆ ಬೀಳುತ್ತದೆ. ಒಂದು ಚುಕ್ಕಿ ಕಡಿಮೆ ಮಾಡಿ ಮಿತಿ ಹಾಕಿ, ಒಂದು ಕೂಡಿಸಿ. ಹತ್ತಕ್ಕೆ 81/4ರಿಂದ 20, ಜೊತೆಗೆ 1, ಒಟ್ಟು 21. ಐದಕ್ಕೆ 4 + 1 = 5, ಅದೇ ಸುತ್ತು. 22 ಗೆರೆ ಇದ್ದು ತ್ರಿಕೋನ ಇಲ್ಲ ಅಂದರೆ ಆ ಚಿತ್ರ ಎರಡು ಗುಂಪಾಗಿ ಒಡೆದೇ ಒಡೆಯುತ್ತದೆ. ಯಾಕೆ ಅನ್ನೋದನ್ನು ಹುಡುಕುವಾಗ ಚಿತ್ರದಲ್ಲಿರೋ ಅತಿ ಚಿಕ್ಕ ಬೆಸ ಸುತ್ತನ್ನು ಹಿಡಿಯಿರಿ. ಹೊರಗಿನ ಒಂದು ಊರು ಆ ಸುತ್ತಿನ ಎಷ್ಟು ಊರಿಗೆ ಸೇರಬಹುದು ನೋಡಿ. ಎರಡಕ್ಕಿಂತ ಜಾಸ್ತಿ ಆಗೋದಿಲ್ಲ. ಅಲ್ಲಿಂದ ಮುಂದೆ ನೀವೇ ಹೋಗಬಹುದು.

ಇದರ ಪಕ್ಕದಲ್ಲೇ ಎರ್ಡಾಶ್ ಕೇಳಿದ ಒಂದು ಪ್ರಶ್ನೆ ಇದೆ. ತ್ರಿಕೋನ ಇಲ್ಲದ ಚಿತ್ರ ಕೊಟ್ಟರೆ, ಎಷ್ಟು ಗೆರೆ ಅಳಿಸಿದರೆ ಅದು ಎರಡು ಗುಂಪಾಗುತ್ತದೆ? n²/25 ಸಾಕು ಅನ್ನೋದು ಅವರ ಊಹೆ. ಹತ್ತಕ್ಕೆ 4. ಐದರ ಸುತ್ತಿನಲ್ಲಿ ಪ್ರತಿ ಊರನ್ನೂ ಎರಡು ಮಾಡಿ, ಹಳೆಯ ಗೆರೆ ಇದ್ದಲ್ಲೆಲ್ಲಾ ನಾಲ್ಕು ನಾಲ್ಕು ಗೆರೆ ಎಳೆಯಿರಿ, 20 ಬರುತ್ತದೆ. ಅದರಲ್ಲಿ 4 ಅಳಿಸಲೇಬೇಕು, 3 ಸಾಲದು. ಎಲ್ಲಾ n ಗೂ ಆ ಊಹೆ ಸರಿಯೇ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ರಾಯಚೂರು_ಪೈಥಾನ್

ಅದನ್ನು ಎಂಟು ಚುಕ್ಕಿವರೆಗೆ ಎಣಿಸಿ ನೋಡಬಹುದು ಅನಿಸುತ್ತದೆ. 28 ಜೋಡಿ, 26 ಕೋಟಿ ಚಿಲ್ಲರೆ ಚಿತ್ರ. ಈ ಕೋಡ್‌ನಲ್ಲಿ ತುಂಬಾ ನಿಧಾನ ಆಗುತ್ತದೆ, ಸಿ ಭಾಷೆಯಲ್ಲಿ ಬರೆಯಬೇಕು. ರಾತ್ರಿ ಹಚ್ಚಿ ನೋಡುತ್ತೇನೆ.

ಗಂಗಾವತಿ_ಸೋನಾ

ಆ 21ರ ಲೆಕ್ಕ ಸರಾಸರಿಯಿಂದ ಬರುತ್ತದಾ ಅಂತ ನಾನು ನೋಡುತ್ತಿದ್ದೇನೆ. ಒಂದು ಊರು ತೆಗೆದಾಗ ಉಳಿದ ಚಿತ್ರ ಎರಡು ಗುಂಪಾಗಿ ಒಡೆದುಬಿಟ್ಟರೆ ಕೈಕೊಡುತ್ತದೆ. ಯಾರಿಗಾದರೂ ಅಲ್ಲಿ ದಾರಿ ಕಂಡರೆ ಹೇಳಿ.